ಬ್ರ್ಯಾಂಡ್ ಬೇರೆ, ಗ್ರೇಡ್ ಅದೇ: ವಾರಂಟಿ ಬೈಕಿಗೆ ಹಾಕಿದ ಆಯಿಲ್ ಮತ್ತು ಬಿಲ್ಲಿನಲ್ಲಿ ಇಲ್ಲದ ಒಂದು ಸಾಲು

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಹಾಸ್ಟೆಲ್ ಗೆಳೆಯನೊಬ್ಬನ ಬೈಕಿನ ಎಂಜಿನ್‌ನಿಂದ ಟಿಕ್ ಟಿಕ್ ಸದ್ದು ಶುರುವಾಯಿತು. 160 ಸಿಸಿ ಬೈಕು, ತಗೊಂಡು ಹದಿಮೂರು ತಿಂಗಳು, ಓಡಿದ್ದು 11,400 ಕಿ.ಮೀ. ವಾರಂಟಿ ಇನ್ನೂ ಬೇಕಾದಷ್ಟು ಬಾಕಿ ಇತ್ತು. ಹಾಗಾಗಿ ಧೈರ್ಯವಾಗಿಯೇ ಸರ್ವಿಸ್ ಸೆಂಟರಿಗೆ ಹೋದೆವು. ಅಲ್ಲಿನ ಅಡ್ವೈಸರ್ ಕಂಪ್ಯೂಟರ್‌ನಲ್ಲಿ ಹಳೆಯ ಜಾಬ್ ಕಾರ್ಡ್ ತೆಗೆದು ನೋಡಿ ಒಂದೇ ಮಾತು ಹೇಳಿದರು: "ಎರಡು ಸಲ ನೀವೇ ಹೊರಗಿನ ಆಯಿಲ್ ತಂದು ಹಾಕ್ಸಿದೀರಲ್ಲ, ವಾರಂಟಿ ಬರಲ್ಲ. ಕ್ಯಾಮ್‌ಶಾಫ್ಟ್, ರಾಕರ್, ಲೇಬರ್ ಎಲ್ಲ ಸೇರಿ ಏಳು ಸಾವಿರದ ಎಂಟುನೂರು ಆಗುತ್ತೆ."

ಅವನಿಗೆ ಅದು ಎರಡು ತಿಂಗಳ ಮೆಸ್ ಬಿಲ್ಲಿಗಿಂತ ಜಾಸ್ತಿ. ಆಯಿಲ್‌ನಲ್ಲಿ ಅವನು ಉಳಿಸಿದ್ದು ಡಬ್ಬಕ್ಕೆ ತೊಂಬತ್ತು ರೂಪಾಯಿ. ಆಮೇಲೆ ಮೂರು ವಾರ ನಾವು ಮೆಕ್ಯಾನಿಕಲ್‌ನ ನಾಲ್ಕು ಜನ ಸೇರಿ ಈ ಒಂದು ಕೇಸನ್ನು ಬಿಡಿಸಿ ನೋಡಿದೆವು. ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇವೆ.

ಮೊದಲು ಪುಸ್ತಕ ತೆಗೆಯಿರಿ

ಆಯಿಲ್ ಬಗ್ಗೆ ಬೈಕಿನ ಕಾಗದಗಳಲ್ಲಿ ಎರಡು ಕಡೆ ಬರೆದಿರುತ್ತದೆ. ಒಂದು, ಓನರ್ಸ್ ಮ್ಯಾನ್ಯುಯಲ್‌ನ ಹಿಂಭಾಗದ ಕೋಷ್ಟಕ. ಎರಡು, ವಾರಂಟಿ ಷರತ್ತುಗಳಲ್ಲಿ 'ಇವಕ್ಕೆ ವಾರಂಟಿ ಅನ್ವಯಿಸುವುದಿಲ್ಲ' ಎಂಬ ಪಟ್ಟಿ. ನಮ್ಮ ಗೆಳೆಯನ ಮ್ಯಾನ್ಯುಯಲ್‌ನಲ್ಲಿ ಕಂಪನಿಯ ಹೆಸರಿನ ಆಯಿಲನ್ನು ಶಿಫಾರಸು ಮಾಡಿ, ಅದರ ಪಕ್ಕದಲ್ಲೇ ಗುಣಮಟ್ಟವನ್ನೂ ಕೊಟ್ಟಿದ್ದರು: 10ಡಬ್ಲ್ಯೂ-30, ಎಪಿಐ ಎಸ್‌ಎಲ್ ಅಥವಾ ಅದಕ್ಕಿಂತ ಮೇಲಿನದು, ಜಾಸೊ ಎಂಎ. ವಾರಂಟಿ ಪಟ್ಟಿಯಲ್ಲಿ ಇದ್ದ ಮಾತು, ಶಿಫಾರಸು ಮಾಡದ ಆಯಿಲ್ ಬಳಕೆಯಿಂದ ಉಂಟಾದ ಹಾನಿಗೆ ವಾರಂಟಿ ಇಲ್ಲ, ಎಂದು.

ಈ ವಾಕ್ಯದಲ್ಲಿ 'ಉಂಟಾದ' ಎಂಬ ಪದದ ಮೇಲೆ ಬೆರಳಿಡಿ. ಬೇರೆ ಆಯಿಲ್ ಹಾಕಿದ ಮಾತ್ರಕ್ಕೆ ವಾರಂಟಿ ಹೋಗುತ್ತದೆ ಎಂದು ಅದು ಹೇಳುವುದಿಲ್ಲ. ಆ ಆಯಿಲ್‌ನಿಂದ ಹಾನಿಯಾಗಿದ್ದರೆ ಮಾತ್ರ ಹೋಗುತ್ತದೆ ಎನ್ನುತ್ತದೆ. ಅಂದರೆ ಹಾನಿಗೂ ಆಯಿಲ್‌ಗೂ ಸಂಬಂಧ ಇರಬೇಕು. ಆದರೆ ಎಲ್ಲ ಪುಸ್ತಕಗಳೂ ಹೀಗಿರುವುದಿಲ್ಲ. ಕೆಲವು ಕಡೆ, ಹೇಳಿದ ಆಯಿಲ್ ಬಳಸದಿದ್ದರೆ ವಾರಂಟಿಯೇ ಇಲ್ಲ ಎಂದು ಸಂಬಂಧದ ಮಾತೇ ಇಲ್ಲದೆ ಬರೆದಿರುತ್ತದೆ. ನಿಮ್ಮದು ಆ ಥರದ್ದಾಗಿದ್ದರೆ ತೊಂಬತ್ತು ರೂಪಾಯಿಗೆ ಜಗಳ ಕಟ್ಟಿಕೊಳ್ಳಬೇಡಿ. ವಾರಂಟಿ ಮುಗಿಯುವ ತನಕ ಅವರು ಹೇಳಿದ ಡಬ್ಬವನ್ನೇ ಹಾಕಿಸಿ.

ಇನ್ನೊಂದು ವಿಷಯವನ್ನು ಇದರ ಜೊತೆ ಗೊಂದಲ ಮಾಡಿಕೊಳ್ಳಬಾರದು. ನಿಗದಿತ ಕಿ.ಮೀ. ಅಥವಾ ದಿನದೊಳಗೆ ಅಧಿಕೃತ ಸೆಂಟರ್‌ನಲ್ಲಿ ಸರ್ವಿಸ್ ಮಾಡಿಸಬೇಕು ಎನ್ನುವುದು ಬೇರೆಯೇ ಷರತ್ತು. ಅದನ್ನು ತಪ್ಪಿಸಿದವರು ಆಯಿಲ್ ಬಗ್ಗೆ ಎಷ್ಟು ವಾದ ಮಾಡಿದರೂ ಪ್ರಯೋಜನ ಕಮ್ಮಿ. ನಮ್ಮ ಗೆಳೆಯ ಅದೃಷ್ಟಕ್ಕೆ ಒಂದು ಸರ್ವಿಸನ್ನೂ ತಪ್ಪಿಸಿರಲಿಲ್ಲ.

ಬ್ರ್ಯಾಂಡ್ ಬೇರೆ ಆಗುವುದು, ಗ್ರೇಡ್ ಬೇರೆ ಆಗುವುದು

'ಶಿಫಾರಸು ಮಾಡದ ಆಯಿಲ್' ಎಂಬ ಮಾತಿನಲ್ಲಿ ಎರಡು ಬೇರೆ ಸಂಗತಿಗಳು ಅಡಗಿವೆ. ಡಬ್ಬದ ಮೇಲಿನ ಹೆಸರು ಬೇರೆ ಇರಬಹುದು, ಅಥವಾ ಒಳಗಿನ ಆಯಿಲ್‌ನ ಗುಣವೇ ಬೇರೆ ಇರಬಹುದು. ಎಂಜಿನ್‌ಗೆ ಗೊತ್ತಾಗುವುದು ಎರಡನೆಯದು ಮಾತ್ರ. ಅದನ್ನು ತಿಳಿಯಲು ಡಬ್ಬದ ಹಿಂದಿನ ಮೂರು ಗುರುತು ಓದಬೇಕು.

10ಡಬ್ಲ್ಯೂ-30 ಎನ್ನುವುದು ಆಯಿಲ್ ಎಷ್ಟು ಗಟ್ಟಿ ಎಂಬುದರ ಅಳತೆ. ಮೊದಲ ಅಂಕಿ ಚಳಿಯಲ್ಲಿ ಎಂಜಿನ್ ಶುರುವಾಗುವಾಗಿನ ಗುಣಕ್ಕೆ, ಎರಡನೆಯದು ಬಿಸಿಯಾದ ಮೇಲಿನ ಗುಣಕ್ಕೆ. 30 ಎಂದರೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ನಿಗ್ಧತೆ 9.3 ಸೆಂಟಿಸ್ಟೋಕ್‌ಗಿಂತ ಕಡಿಮೆ ಇರಬಾರದು, 12.5 ಮುಟ್ಟಬಾರದು. ಯಾವ ಕಂಪನಿಯ ಡಬ್ಬವಾದರೂ 30 ಎಂದು ಬರೆದ ಮೇಲೆ ಈ ಗೆರೆಯೊಳಗೇ ಇರಬೇಕು. "ನಮ್ಮ ಕಡೆ ಬಿಸಿಲು ಜಾಸ್ತಿ, 20ಡಬ್ಲ್ಯೂ-50 ಹಾಕ್ತೀನಿ ಬಿಡಿ" ಎನ್ನುವ ಮೆಕ್ಯಾನಿಕ್ ಒಳ್ಳೆಯ ಮನಸ್ಸಿಂದಲೇ ಹೇಳಬಹುದು. ಆದರೆ ಆಗ ಬದಲಾಗುವುದು ಗ್ರೇಡ್. ಮ್ಯಾನ್ಯುಯಲ್‌ನಲ್ಲಿ ಆ ಗ್ರೇಡ್‌ಗೆ ಅವಕಾಶ ಕೊಟ್ಟಿಲ್ಲದಿದ್ದರೆ ವಾರಂಟಿ ವಾದದಲ್ಲಿ ನಿಮ್ಮ ಕಾಲ ಕೆಳಗಿನ ನೆಲವೇ ಹೋಯಿತು.

ಎಪಿಐ ಗುರುತು ಸವೆತ, ಕೆಸರು, ಆಮ್ಲ ತಡೆಯುವ ಗುಣಕ್ಕೆ ಸಂಬಂಧಿಸಿದ್ದು. ಎಸ್‌ಎಲ್, ಎಸ್‌ಎಂ, ಎಸ್‌ಎನ್ ಎಂದು ಅಕ್ಷರ ಮುಂದಕ್ಕೆ ಹೋದಂತೆ ಹೊಸ ದರ್ಜೆ. ಹೊಸದು ಹಳೆಯದರ ಜಾಗದಲ್ಲಿ ನಿಲ್ಲುತ್ತದೆ. ಹಾಗಾಗಿ ಎಸ್‌ಎಲ್ ಕೇಳಿದ ಕಡೆ ಎಸ್‌ಎನ್ ನಡೆಯುತ್ತದೆ.

ಜಾಸೊ ಗುರುತು ಬೈಕಿಗೆ ಬಹಳ ಮುಖ್ಯ. ಕಾರಿನಲ್ಲಿ ಕ್ಲಚ್ ಎಂಜಿನ್ ಆಯಿಲ್‌ನಿಂದ ದೂರ ಇರುತ್ತದೆ. ನಮ್ಮ ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಪ್ಲೇಟ್‌ಗಳು ಅದೇ ಆಯಿಲ್‌ನಲ್ಲಿ ಮುಳುಗಿರುತ್ತವೆ. ಕಾರಿನ ಕೆಲವು ಆಯಿಲ್‌ಗಳಿಗೆ ಇಂಧನ ಉಳಿಸಲು ಘರ್ಷಣೆ ಕಡಿಮೆ ಮಾಡುವ ರಾಸಾಯನಿಕ ಬೆರೆಸಿರುತ್ತಾರೆ. ಅದು ಪ್ಲೇಟ್‌ಗಳ ಮೇಲೂ ಕೂತು ಹಿಡಿತ ತಪ್ಪಿಸುತ್ತದೆ. ಜಾಸೊ ಎಂಎ ಎಂದರೆ ಇಂಥ ಕ್ಲಚ್‌ಗೆ ಬೇಕಾದ ಘರ್ಷಣೆ ಇದೆ ಎಂದರ್ಥ. ಎಂಎ2 ಎನ್ನುವುದು ಅದರೊಳಗೇ ಇನ್ನೂ ಹೆಚ್ಚಿನ ಘರ್ಷಣೆಯ ವರ್ಗ, ಆದ್ದರಿಂದ ಎಂಎ ಕೇಳಿದಲ್ಲಿ ಸಲ್ಲುತ್ತದೆ. ಎಂಬಿ ಎಂದಿದ್ದರೆ ಅದು ಗೇರಿಲ್ಲದ ಸ್ಕೂಟರ್‌ಗಳಿಗೆ ಹೊಂದುವ ಕಡಿಮೆ ಘರ್ಷಣೆಯ ಆಯಿಲ್.

ಇದೇ ತಪ್ಪನ್ನು ನಮ್ಮ ಜೂನಿಯರ್ ಒಬ್ಬ ಮಾಡಿದ್ದ. ಅಪ್ಪನ ಕಾರಿಗೆ ತಂದಿದ್ದ ಆಯಿಲ್ ಉಳಿದಿತ್ತು ಅಂತ ಬೈಕಿಗೆ ಸುರಿಸಿದ. ಕೆಲವೇ ವಾರದಲ್ಲಿ ಟಾಪ್ ಗೇರ್‌ನಲ್ಲಿ ಆಕ್ಸಿಲರೇಟರ್ ತಿರುವಿದರೆ ಎಂಜಿನ್ ಕೂಗು ಏರುತ್ತದೆ, ವೇಗ ಏರುವುದಿಲ್ಲ. ಕ್ಲಚ್ ಜಾರುವುದರ ಗುರುತು ಇದೇ. ಅವನಿಗೆ ವಾರಂಟಿ ಕೊಡಲಿಲ್ಲ. ನಾವು ನಾಲ್ವರೂ ಅದು ಸರಿ ಎಂದೇ ಹೇಳಿದೆವು, ಯಾಕೆಂದರೆ ಅಲ್ಲಿ ಆಯಿಲ್‌ಗೂ ಹಾನಿಗೂ ನೇರ ಸಂಬಂಧ ಇತ್ತು.

ನಮ್ಮ ಗೆಳೆಯ ತಂದಿದ್ದ ಡಬ್ಬದ ಮೇಲೆ 10ಡಬ್ಲ್ಯೂ-30, ಎಪಿಐ ಎಸ್‌ಎನ್, ಜಾಸೊ ಎಂಎ2 ಎಂದಿತ್ತು. ಮೂರೂ ಗುರುತು ಮ್ಯಾನ್ಯುಯಲ್ ಕೇಳಿದ್ದಕ್ಕೆ ಸರಿಯಾಗಿದ್ದವು. ಅವನದು ಬ್ರ್ಯಾಂಡ್ ಮಾತ್ರ ಬೇರೆ. ಆದರೆ ಅದನ್ನು ತೋರಿಸೋದು ಹೇಗೆ?

ಕಾಗದ ಏನು ಹೇಳಿತು

ಅವನ ಆಯಿಲ್ ಚರಿತ್ರೆಯನ್ನು ಒಂದು ಹಾಳೆಯಲ್ಲಿ ಬರೆದೆವು.

720 ಕಿ.ಮೀ.: ಮೊದಲ ಫ್ರೀ ಸರ್ವಿಸ್, ಕಂಪನಿಯ ಆಯಿಲ್, ಬಿಲ್ ಇದೆ.
3,050 ಕಿ.ಮೀ.: ಎರಡನೆಯದು, ಕಂಪನಿಯ ಆಯಿಲ್, ಬಿಲ್ ಇದೆ.
6,010 ಕಿ.ಮೀ.: ಮೂರನೆಯದು, ಅದೇ ಸೆಂಟರ್, ಆಯಿಲ್ ಅವನೇ ತಂದದ್ದು. ಜಾಬ್ ಕಾರ್ಡ್‌ನಲ್ಲಿ 'ಆಯಿಲ್ ಗ್ರಾಹಕರದ್ದು' ಎಂದಷ್ಟೇ ಇದೆ.
7,800 ಕಿ.ಮೀ. ಹೊತ್ತಿಗೆ: ರಜೆಗೆ ಊರಿಗೆ ಹೋದಾಗ ಅಲ್ಲಿನ ಮೆಕ್ಯಾನಿಕ್ ಸುಮಾರು 200 ಮಿ.ಲೀ. ಟಾಪ್ ಅಪ್ ಮಾಡಿದ್ದು. ಬಿಲ್ ಇಲ್ಲ. ಯಾವ ಆಯಿಲ್ ಎಂದು ನೆನಪೂ ಇಲ್ಲ.
9,020 ಕಿ.ಮೀ.: ಮೊದಲ ಪೇಯ್ಡ್ ಸರ್ವಿಸ್, ಆಯಿಲ್ ಮತ್ತೆ ಅವನದೇ. ಜಾಬ್ ಕಾರ್ಡ್‌ನಲ್ಲಿ ಮತ್ತೆ ಅದೇ ಎರಡು ಪದ.

ತೊಂದರೆ ಕಣ್ಣಿಗೆ ಹೊಡೆಯಿತು. ಸರಿಯಾದ ಆಯಿಲನ್ನೇ, ಅಧಿಕೃತ ಸೆಂಟರ್‌ನಲ್ಲೇ, ಸರಿಯಾದ ಹೊತ್ತಿಗೇ ಹಾಕಿಸಿದ್ದಾನೆ. ಆದರೂ ದಾಖಲೆ ಓದಿದವರಿಗೆ ಅದು ಯಾವ ಆಯಿಲ್ ಎಂಬುದೇ ಗೊತ್ತಾಗುವುದಿಲ್ಲ. 'ಗ್ರಾಹಕರದ್ದು' ಎಂಬ ಪದದೊಳಗೆ ಜೂನಿಯರ್‌ನ ಕಾರ್ ಆಯಿಲ್ ಕೂಡ ಹಿಡಿಸುತ್ತದೆ!

ಆ ಖಾಲಿ ಜಾಗ ತುಂಬಿದ್ದು ಆನ್‌ಲೈನ್ ಆರ್ಡರ್‌ನ ಇನ್‌ವಾಯ್ಸ್. ಎರಡು ಡಬ್ಬ ಒಟ್ಟಿಗೆ ತರಿಸಿದ್ದ. ಅದರಲ್ಲಿ ದಿನಾಂಕ, ಪ್ರಮಾಣ, ಪೂರ್ತಿ ಗ್ರೇಡ್ ಎಲ್ಲ ಇತ್ತು. ದಿನಾಂಕ ಮೂರನೇ ಸರ್ವಿಸ್‌ಗಿಂತ ಐದು ದಿನ ಹಿಂದಿನದು. ಎರಡನೇ ಖಾಲಿ ಡಬ್ಬ ರೂಮಿನ ಅಟ್ಟದ ಮೇಲೇ ಬಿದ್ದಿತ್ತು, ಬ್ಯಾಚ್ ನಂಬರ್ ಸಮೇತ.

ಉಳಿದದ್ದು ಊರಿನ ಟಾಪ್ ಅಪ್. "ಅದನ್ನ ಹೇಳೋದೇ ಬೇಡ ಕಣ್ರೋ, ಅವರಿಗೇನು ಗೊತ್ತಾಗುತ್ತೆ?" ಎಂದು ಒಬ್ಬ ಹೇಳಿದ. ನಾವು ಒಪ್ಪಲಿಲ್ಲ. ಮುಚ್ಚಿಟ್ಟದ್ದು ಆಮೇಲೆ ಹೊರಬಿದ್ದರೆ ಮಿಕ್ಕ ಕಾಗದದ ಮೇಲೂ ನಂಬಿಕೆ ಹೋಗುತ್ತದೆ. ಬದಲಿಗೆ ಲೆಕ್ಕ ಹಾಕಿದೆವು. ಎಂಜಿನ್‌ಗೆ ಹಿಡಿಸುವುದು ಒಂದು ಲೀಟರ್. ಗೊತ್ತಿಲ್ಲದ ಆಯಿಲ್ 200 ಮಿ.ಲೀ., ಅಂದರೆ ಶೇ. 20. ಅದು ಎಂಜಿನ್‌ನಲ್ಲಿ ಇದ್ದದ್ದು 7,800ರಿಂದ 9,020ರ ತನಕ, ಸುಮಾರು 1,200 ಕಿ.ಮೀ. ಆಮೇಲೆ ಆಯಿಲ್ ಪೂರ್ತಿ ಇಳಿಸಿದರು. ಇಳಿಸಿದ ಮೇಲೂ ಒಳಗೆ ಹತ್ತನೇ ಒಂದು ಭಾಗ ಅಂಟಿಕೊಂಡಿತ್ತು ಎಂದೇ ಇಟ್ಟುಕೊಳ್ಳಿ, ಗೊತ್ತಿಲ್ಲದ ಆಯಿಲ್ ಉಳಿಯುವುದು 20 ಮಿ.ಲೀ., ಶೇ. 2. ಸದ್ದು ಬಂದದ್ದು ಅದಾದ ಮೇಲೆ 2,400 ಕಿ.ಮೀ. ಓಡಿದ ನಂತರ. ಆ 1,200 ಕಿ.ಮೀ.ನಲ್ಲಿ ಏನೂ ಆಗಿಲ್ಲ ಎಂದು ಈ ಲೆಕ್ಕ ಸಾಬೀತು ಮಾಡುವುದಿಲ್ಲ. ಆದರೆ ಅನುಮಾನದ ಗಾತ್ರ ಎಷ್ಟು ಎಂದು ಅಳೆದು ತೋರಿಸುತ್ತದೆ. ಟಾಪ್ ಅಪ್ ವಿಷಯವನ್ನು ಲೆಕ್ಕದ ಸಮೇತ ನಾವೇ ಬರೆದುಕೊಟ್ಟೆವು.

ಎಂಜಿನ್ ಏನು ಹೇಳಿತು

ಕಾಗದದಿಂದ ಗೊತ್ತಾಗುವುದು ಯಾವ ಆಯಿಲ್ ಹಾಕಿದ್ದು ಎಂಬುದು ಮಾತ್ರ. ಹಾನಿ ಅದರಿಂದಲೇ ಆಯಿತೇ ಎಂದು ಹೇಳಬೇಕಾದದ್ದು ಬಿಚ್ಚಿದ ಎಂಜಿನ್. ಆದ್ದರಿಂದ ನಮ್ಮೆದುರಿಗೇ ಬಿಚ್ಚಬೇಕು, ಬಿಚ್ಚುವ ಮುಂಚೆ ಆಯಿಲ್ ಮಟ್ಟ ನೋಡಬೇಕು ಎಂದು ಕೇಳಿಕೊಂಡೆವು. ಅಡ್ವೈಸರ್ ಒಪ್ಪಿದರು. ಈ ಕ್ರಮ ಮುಖ್ಯ. ಆಯಿಲ್ ಇಳಿಸಿದ ಮೇಲೆ ಮಟ್ಟ ಎಷ್ಟಿತ್ತು ಎಂದು ಯಾರೂ ಹೇಳಲಾರರು. ಆಯಿಲ್ ಕಮ್ಮಿ ಇಟ್ಟುಕೊಂಡು ಓಡಿಸಿದ್ದೀರಿ ಎಂಬ ಆರೋಪಕ್ಕೆ ಆಗ ಉತ್ತರವೂ ಇರುವುದಿಲ್ಲ.

ಮಟ್ಟ ಎರಡು ಗೆರೆಗಳ ನಡುವೆ ಇತ್ತು, ಫೋಟೊ ತೆಗೆದೆವು. ಇಳಿಸಿದ ಆಯಿಲ್ ಅಳತೆ ಪಾತ್ರೆಯಲ್ಲಿ 850 ಮಿ.ಲೀ. ಬಂತು. ಕಪ್ಪಾಗಿತ್ತು, ಆದರೆ ಕೆಸರಿರಲಿಲ್ಲ, ಹಾಲಿನಂತೆ ಬೆಳ್ಳಗೂ ಆಗಿರಲಿಲ್ಲ. ಅದರಲ್ಲಿ 200 ಮಿ.ಲೀ.ಯಷ್ಟನ್ನು ಒಣಗಿದ ಹೊಸ ಬಾಟಲಿಗೆ ತುಂಬಿ, ದಿನಾಂಕ ಮತ್ತು ಕಿ.ಮೀ. ಬರೆದು, ಮುಚ್ಚಳಕ್ಕೆ ಟೇಪ್ ಸುತ್ತಿ, ಅದರ ಮೇಲೆ ಎರಡೂ ಕಡೆಯವರು ಸಹಿ ಹಾಕಿದೆವು. ಮುಂದೆ ಲ್ಯಾಬ್‌ಗೆ ಕಳಿಸಬೇಕಾಗಿ ಬಂದರೆ ಇರಲಿ ಎಂದು.

ಹೆಡ್ ಕವರ್ ತೆಗೆದಾಗ ಎಕ್ಸಾಸ್ಟ್ ಕಡೆಯ ಕ್ಯಾಮ್ ಲೋಬ್ ಮೇಲೆ ಸಣ್ಣ ಸಣ್ಣ ಗುಳಿಗಳು, ಅದರ ರಾಕರ್ ತುದಿಯಲ್ಲೂ ಅದೇ. ಇನ್‌ಟೇಕ್ ಲೋಬ್ ಕನ್ನಡಿಯಂತಿತ್ತು. ಶಾಫ್ಟ್ ಕೂರುವ ಜಾಗಗಳಲ್ಲಿ ಗೀರಿಲ್ಲ.

ಇಲ್ಲಿ ನಮ್ಮ ತರಗತಿಯ ಪಾಠ ಕೆಲಸಕ್ಕೆ ಬಂತು. ಒಂದೇ ಶಾಫ್ಟ್‌ನ ಮೇಲಿನ ಎರಡು ಲೋಬ್‌ಗೂ ಹೋಗುವುದು ಒಂದೇ ಆಯಿಲ್. ಆಯಿಲ್‌ನ ಗುಣವೇ ಕೆಟ್ಟದಾಗಿದ್ದರೆ ಸವೆತ ಸಾಮಾನ್ಯವಾಗಿ ಒಂದು ಕಡೆಗೆ ನಿಲ್ಲುವುದಿಲ್ಲ. ಎರಡೂ ಲೋಬ್, ಶಾಫ್ಟ್‌ನ ಆಸರೆಗಳು, ಸಿಲಿಂಡರ್ ಗೋಡೆ ಎಲ್ಲೆಡೆ ಸ್ವಲ್ಪ ಸ್ವಲ್ಪ ಕಾಣುತ್ತದೆ. ಒಂದೇ ಲೋಬ್ ಹಾಳಾಗಿ ಪಕ್ಕದ್ದು ಚೆನ್ನಾಗಿದ್ದರೆ ಆ ಜಾಗಕ್ಕೆ ಮಾತ್ರ ಸಂಬಂಧಿಸಿದ ಕಾರಣ ಹುಡುಕಬೇಕು. ಲೋಬ್ ಮೇಲ್ಮೈಯ ಹಾರ್ಡನಿಂಗ್ ಸರಿಯಾಗಿಲ್ಲದಿರಬಹುದು, ವಾಲ್ವ್ ಕ್ಲಿಯರೆನ್ಸ್ ತಪ್ಪಿರಬಹುದು, ಅಥವಾ ಆ ಕಡೆಯ ಆಯಿಲ್ ರಂಧ್ರ ಕಟ್ಟಿರಬಹುದು. ಕೊನೆಯದು ಆಗಿದ್ದರೆ ಮತ್ತೆ ಆಯಿಲ್ ಕಡೆಗೇ ಬೆರಳು ತಿರುಗಬಹುದಿತ್ತು. ಅದಕ್ಕೇ ಮೆಕ್ಯಾನಿಕ್ ಕೈಲಿ ರಂಧ್ರಕ್ಕೆ ಗಾಳಿ ಊದಿಸಿ ನೋಡಿದೆವು, ತೆರೆದೇ ಇತ್ತು. ಕ್ಲಿಯರೆನ್ಸ್‌ಅನ್ನು ಕೊನೆಯ ಸಲ ಹೊಂದಿಸಿದ್ದು ಅದೇ ಸೆಂಟರ್‌ನವರು, 9,020ರ ಸರ್ವಿಸ್‌ನಲ್ಲಿ. ಅದು ಜಾಬ್ ಕಾರ್ಡ್‌ನಲ್ಲೂ ಇತ್ತು.

ಇದು ಪೂರ್ತಿ ಸಾಬೀತಲ್ಲ. ಗಟ್ಟಿತನ ಅಳೆಯದೆ ಹಾರ್ಡನಿಂಗ್ ದೋಷ ಎಂದು ನಾವು ಹೇಳಲಾರೆವು. ಆದರೆ ಆಯಿಲ್ಲೇ ಕಾರಣ ಎನ್ನುವವರು ಇನ್‌ಟೇಕ್ ಲೋಬ್ ಯಾಕೆ ಚೆನ್ನಾಗಿದೆ ಎಂದು ವಿವರಿಸಬೇಕಾಗುತ್ತದೆ. ವಾರಂಟಿಯಲ್ಲಿ ಬದಲಾಯಿಸಿದ ಹಳೆಯ ಬಿಡಿಭಾಗ ಸಾಮಾನ್ಯವಾಗಿ ಕಂಪನಿಯ ಬಳಿಯೇ ಉಳಿಯುವುದರಿಂದ ಎರಡೂ ಲೋಬ್ ಒಂದೇ ಚಿತ್ರದಲ್ಲಿ ಬರುವಂತೆ ಫೋಟೊ ತೆಗೆದಿಟ್ಟುಕೊಂಡೆವು.

ಪತ್ರ, ಮತ್ತು ಕಾನೂನಿನ ಅಳತೆ

ಮಾತಿನಲ್ಲಿ ಹೇಳಿದ "ಬರಲ್ಲ" ಎಂಬುದಕ್ಕೆ ಮೇಲ್ಮನವಿ ಇಲ್ಲ. ಆದ್ದರಿಂದ ಡೀಲರ್‌ಗೂ ಕಂಪನಿಯ ಗ್ರಾಹಕ ವಿಭಾಗಕ್ಕೂ ಒಂದೇ ಪುಟದ ಇಮೇಲ್ ಕಳಿಸಿದೆವು. ಆಯಿಲ್ ಚರಿತ್ರೆ, ಇನ್‌ವಾಯ್ಸ್, ಫೋಟೊ ಜೊತೆಗಿಟ್ಟೆವು. ಕೊನೆಯಲ್ಲಿ ಇಷ್ಟೇ ಕೇಳಿದ್ದು: "ವಾರಂಟಿ ನಿರಾಕರಿಸುವುದಾದರೆ ಯಾವ ಷರತ್ತಿನ ಅಡಿ, ಮತ್ತು ಆಯಿಲ್‌ನ ಯಾವ ಗುಣದಿಂದ ಎಕ್ಸಾಸ್ಟ್ ಲೋಬ್ ಮಾತ್ರ ಹಾಳಾಯಿತು ಎಂದು ಲಿಖಿತವಾಗಿ ತಿಳಿಸಬೇಕಾಗಿ ವಿನಂತಿ."

ಕಾನೂನಿನ ಮಾತು ಬಂದರೆ ಒಂದು ಎಚ್ಚರಿಕೆ. ಬ್ರ್ಯಾಂಡ್ ಕಡ್ಡಾಯ ಮಾಡುವುದೇ ಅಪರಾಧ ಎಂದು ಹೇಳುವ ವಿಡಿಯೊಗಳು ಬಹಳ ಇವೆ. ಅವು ಹೆಚ್ಚಾಗಿ ಹೇಳುತ್ತಿರುವುದು ಅಮೆರಿಕದ 1975ರ ಮ್ಯಾಗ್ನುಸನ್-ಮಾಸ್ ಕಾಯಿದೆಯನ್ನು. ಅದು ನಮ್ಮ ಬೈಕಿಗೆ ಅನ್ವಯಿಸುವುದಿಲ್ಲ. ನಮ್ಮಲ್ಲಿ ಇದಕ್ಕೆ ಹತ್ತಿರದ ಮಾತು ಬಂದದ್ದು ಭಾರತೀಯ ಸ್ಪರ್ಧಾ ಆಯೋಗದ 2014ರ ಆಗಸ್ಟ್ ಆದೇಶದಲ್ಲಿ. ಹೊರಗಿನ ಗ್ಯಾರೇಜ್‌ಗೆ ಹೋದರೆ ವಾರಂಟಿ ಪೂರ್ತಿ ರದ್ದು ಎಂಬ ಸಾರಾಸಗಟು ಷರತ್ತು ಬೇಡ, ಹೊರಗಿನ ತಪ್ಪು ರಿಪೇರಿಯಿಂದ ಆದ ಹಾನಿಯ ಮಟ್ಟಿಗೆ ಮಾತ್ರ ನಿರಾಕರಿಸಬಹುದು ಎಂಬುದು ಅದರ ತಿರುಳು. ಆದರೆ ಅದು 14 ಕಾರು ಕಂಪನಿಗಳ ಮೇಲಿನ ಆದೇಶ, ಅದರ ಮೇಲೆ ಮೇಲ್ಮನವಿಗಳೂ ನಡೆದಿವೆ. ಬೈಕಿನ ಆಯಿಲ್‌ಗೆ ಅದನ್ನು ನೇರ ಆಯುಧ ಮಾಡಿಕೊಳ್ಳಲಾಗದು.

ನಿಜವಾಗಿ ಕೈಗೆ ಸಿಗುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ. ಪರೀಕ್ಷೆ ಇಲ್ಲದೆ ದೋಷ ನಿರ್ಧರಿಸಲಾಗದಿದ್ದರೆ ಜಿಲ್ಲಾ ಆಯೋಗ ವಸ್ತುವನ್ನು ಪ್ರಯೋಗಾಲಯಕ್ಕೆ ಕಳಿಸಬಹುದು ಎಂದು ಅದರ 38ನೇ ಸೆಕ್ಷನ್ ಹೇಳುತ್ತದೆ. ಬಾಟಲಿಗೆ ಸಹಿ ಹಾಕಿಸಿದ್ದು ಈ ಕಾರಣಕ್ಕೇ. ದೂರು ಕೊಡಲು ಎರಡು ವರ್ಷದ ಅವಧಿ ಇದೆ. ಅದಕ್ಕೂ ಮುಂಚೆ 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು.

ಅಲ್ಲಿಯ ತನಕ ಹೋಗಬೇಕಾಗಲಿಲ್ಲ. ಹನ್ನೆರಡನೇ ದಿನ ಕಂಪನಿಯ ಏರಿಯಾ ಎಂಜಿನಿಯರ್ ಬಂದು ನೋಡಿದರು. ಇನ್‌ವಾಯ್ಸ್ ಮತ್ತು ಡಬ್ಬ ತೋರಿಸಿದಾಗ ಅವರು ಮೊದಲು ಓದಿದ್ದು ಹಿಂದಿನ ಮೂರು ಗುರುತನ್ನೇ. ಕ್ಯಾಮ್‌ಶಾಫ್ಟ್, ರಾಕರ್, ಲೇಬರ್ ಉಚಿತವಾಯಿತು. ಗ್ಯಾಸ್ಕೆಟ್ ಮತ್ತು ಹೊಸ ಆಯಿಲ್‌ಗೆ ₹1,150 ನಾವು ಕೊಟ್ಟೆವು. ಉತ್ತರದಲ್ಲಿ 'ಒಂದು ಬಾರಿಯ ಸೌಜನ್ಯ' ಎಂದು ಬರೆದಿದ್ದರು, ಆಯಿಲ್ ಕಾರಣವೋ ಅಲ್ಲವೋ ಎಂದು ಒಂದಕ್ಷರವೂ ಇರಲಿಲ್ಲ. ಅಂದರೆ ಮುಂದಿನ ಸಲಕ್ಕೆ ಇದು ಆಧಾರವಾಗುವುದಿಲ್ಲ, ದಾಖಲೆಯೇ ಆಧಾರ.

ಹಾಗಾದರೆ ದಾಖಲೆಯಲ್ಲಿ ಏನಿರಬೇಕು

ಪ್ರತಿ ಆಯಿಲ್ ಬದಲಾವಣೆಗೆ, ಪ್ರತಿ ಟಾಪ್ ಅಪ್‌ಗೂ, ಒಂದು ಸಾಲು ಸಾಕು. ಅದರಲ್ಲಿ ಇಷ್ಟಿರಲಿ: ದಿನಾಂಕ ಮತ್ತು ಕಿ.ಮೀ., ಬ್ರ್ಯಾಂಡ್‌ನ ಪೂರ್ತಿ ಹೆಸರು, ಮೂರು ಗುರುತು, ಹಾಕಿದ ಪ್ರಮಾಣ, ಬ್ಯಾಚ್ ನಂಬರ್, ಫಿಲ್ಟರ್ ಬದಲಾಯಿಸಿದ್ದು ಅಥವಾ ತೊಳೆದದ್ದು, ಯಾರು ಹಾಕಿದ್ದು. ಬಿಲ್‌ನಲ್ಲಿ ಬೈಕಿನ ನಂಬರ್ ಇದ್ದರೆ ಇನ್ನೂ ಒಳ್ಳೆಯದು. 'ಎಂಜಿನ್ ಆಯಿಲ್ - 1' ಎಂದಷ್ಟೇ ಬರೆದ ಬಿಲ್ ದುಡ್ಡು ಕೊಟ್ಟದ್ದಕ್ಕೆ ಸಾಕ್ಷಿ, ಆಯಿಲ್‌ಗೆ ಅಲ್ಲ.

ನಿಮ್ಮದೇ ಡಬ್ಬ ಕೊಟ್ಟು ಸೆಂಟರ್‌ನಲ್ಲಿ ಹಾಕಿಸುವುದಾದರೆ, ಜಾಬ್ ಕಾರ್ಡ್‌ಗೆ ಸಹಿ ಹಾಕುವ ಮುಂಚೆ, "ಸಾರ್, ಗ್ರೇಡೂ ಬರೀರಿ" ಎಂದು ಕೇಳಿ. ಕಂಪ್ಯೂಟರ್‌ನಲ್ಲಿ ಜಾಗ ಇಲ್ಲ ಎಂದರೆ ಷರಾ ಜಾಗದಲ್ಲಿ ಪೆನ್ನಿನಲ್ಲಿ ಬರೆಸಿ ಫೋಟೊ ತೆಗೆದುಕೊಳ್ಳಿ. ಡಬ್ಬದ ಹಿಂಬದಿ ಮತ್ತು ಬೈಕಿನ ಓಡೊಮೀಟರ್ ಒಟ್ಟಿಗೆ ಕಾಣುವ ಒಂದು ಫೋಟೊ ತೆಗೆದು ನಿಮಗೇ ಇಮೇಲ್ ಮಾಡಿಕೊಂಡರೆ ದಿನಾಂಕವೂ ಸಿಕ್ಕಂತೆ. ಥರ್ಮಲ್ ಕಾಗದದ ಬಿಲ್ಲುಗಳು ವರ್ಷ ಕಳೆಯುವುದರೊಳಗೆ ಮಾಸಿಹೋಗಬಹುದು, ಅವನ್ನು ಅವತ್ತೇ ಸ್ಕ್ಯಾನ್ ಮಾಡಿ.

ನಮ್ಮ ಗೆಳೆಯ ಈಗ ಕಂಪನಿಯ ಆಯಿಲನ್ನೇ ಹಾಕಿಸುತ್ತಾನೆ, ತೊಂಬತ್ತು ರೂಪಾಯಿ ಹೋದರೆ ಹೋಗಲಿ ಅಂತ. ಆದರೂ ಅವನ ನೋಟ್‌ಬುಕ್‌ನ ಕೊನೆಯ ಸಾಲು ಹೀಗಿದೆ: "14,060 ಕಿ.ಮೀ., 10ಡಬ್ಲ್ಯೂ-30, ಎಸ್‌ಎನ್, ಎಂಎ2, 1 ಲೀ., ಫಿಲ್ಟರ್ ಹೊಸದು, ಬ್ಯಾಚ್ ಫೋಟೊ ಇದೆ." ಬ್ರ್ಯಾಂಡ್ ಹೆಸರು ಬರೆಯಲು ಮರೆತಿದ್ದ. ಮೊನ್ನೆ ನಾವೇ ಬರೆಸಿದೆವು.